71 ಅಂಕಕ್ಕೆ ಎಫ್ ಗ್ರೇಡ್: "ಪಾಸು ಮಾಡಿಕೊಡಿ" ಅಂತ ಬರೀಬೇಡಿ, "ತಿದ್ದಿ" ಅಂತ ಬರೀರಿ

ಗೆಳೆಯರೇ, ಪೋಸ್ಟ್ ಉದ್ದ ಇದೆ. ಮನೆಯಲ್ಲಿ, ಹಾಸ್ಟೆಲ್‌ನಲ್ಲಿ ಡಿಗ್ರಿ ಓದ್ತಿರೋ ಹುಡುಗರಿದ್ದರೆ ಅವರಿಗೂ ಓದಿಸಿ.

ಒಂದು ಅಂಕಪಟ್ಟಿ ನನ್ನ ಮುಂದಿದೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿಎ ಮುಗಿಸಿದ ನಮ್ಮ ಹುಡುಗಿಯೊಬ್ಬಳದು, ಆರನೇ ಸೆಮಿಸ್ಟರಿನದು. ವಿಶ್ವವಿದ್ಯಾಲಯದ ಹೆಸರು ಬರೆಯೋದಿಲ್ಲ, ಅವಳ ಫೈಲ್ ಇನ್ನೂ ಅಲ್ಲೇ ಇದೆ. ಇತಿಹಾಸದ ಒಂದು ಪತ್ರಿಕೆಯ ಸಾಲು ಹೀಗಿದೆ: ಸೆಮಿಸ್ಟರ್ ಪರೀಕ್ಷೆ 60ಕ್ಕೆ 39. ಆಂತರಿಕ ಮೌಲ್ಯಮಾಪನ 40ಕ್ಕೆ 32. ಒಟ್ಟು 100ಕ್ಕೆ 71. ಅದರ ಪಕ್ಕದಲ್ಲೇ ಗ್ರೇಡ್: ಎಫ್. ಗ್ರೇಡ್ ಪಾಯಿಂಟ್: 0. ಕೊನೆಯಲ್ಲಿ ಫಲಿತಾಂಶ: ಅನುತ್ತೀರ್ಣ.

ಅದೇ ಅಂಕಪಟ್ಟಿಯನ್ನ ತಿರುಗಿಸಿ ನೋಡಿ. ಹಿಂಬದಿಯಲ್ಲಿ ವಿಶ್ವವಿದ್ಯಾಲಯವೇ ಅಚ್ಚು ಹಾಕಿದ ಕೋಷ್ಟಕ ಇದೆ. 70ರಿಂದ 79ರವರೆಗೆ ಎ ಗ್ರೇಡ್, 8 ಪಾಯಿಂಟ್. ಅಂದ್ರೆ ಕಾಗದದ ಮುಂಭಾಗ ಸುಳ್ಳು ಅಂತ ಅದರ ಹಿಂಭಾಗವೇ ಹೇಳ್ತಿದೆ. ಇದಕ್ಕಿಂತ ದೊಡ್ಡ ಸಾಕ್ಷಿ ಯಾವ ಕೋರ್ಟಿನಲ್ಲೂ ಬೇಕಾಗಲ್ಲ. ಆದರೂ ಆ ಹುಡುಗಿ ಮೂರು ಸಲ ಬಸ್ ಹತ್ತಿ ಪರೀಕ್ಷಾ ವಿಭಾಗದ ಕಿಟಕಿ ಮುಂದೆ ನಿಂತು ಬಂದಳು. ಮೊದಲ ಸಲ, "ರೀವ್ಯಾಲ್ಯುಯೇಷನ್‌ಗೆ ಹಾಕಮ್ಮಾ." ಎರಡನೇ ಸಲ, "ನಿಮ್ ಕಾಲೇಜಲ್ಲಿ ಕೇಳು." ಮೂರನೇ ಸಲ ಬಹಳ ಪ್ರೀತಿಯಿಂದ, "ಒಂದೇ ಸಬ್ಜೆಕ್ಟ್ ಅಲ್ವೇನಮ್ಮಾ, ಮುಂದಿನ ಸಲ ಬರೆದ್ಬಿಡು, ಯಾಕೆ ಓಡಾಡ್ತೀಯ."

ಈ ಮೂರೂ ಉತ್ತರ ತಪ್ಪು. ಅದರಲ್ಲೂ ಮೂರನೆಯದು ವಿಷ.

ಮೊದಲು, ಈ ಎಫ್ ಎಲ್ಲಿಂದ ಬಂತು ಅಂತ ನೋಡೋಣ. ಪರೀಕ್ಷೆಯ ಅಂಕವನ್ನು ವಿಶ್ವವಿದ್ಯಾಲಯ ಹಾಕುತ್ತೆ. ಆಂತರಿಕ ಅಂಕವನ್ನು ಕಾಲೇಜಿನ ಮೇಷ್ಟ್ರು ಪೋರ್ಟಲ್‌ನಲ್ಲಿ ತುಂಬಬೇಕು, ಪ್ರಾಂಶುಪಾಲರ ಲಾಗಿನ್‌ನಿಂದ ಅನುಮೋದನೆ ಆಗಬೇಕು. ಆ ಅನುಮೋದನೆ ತಡ ಆದ್ರೆ ವಿಶ್ವವಿದ್ಯಾಲಯದ ಕಂಪ್ಯೂಟರ್‌ಗೆ ಆ ಜಾಗ ಖಾಲಿ. ಫಲಿತಾಂಶ ಪ್ರಕಟಿಸುವ ದಿನ ಅದು 39 + 0 ಅಂತ ಲೆಕ್ಕ ಹಾಕಿದೆ. ಅವಳ ವಿಶ್ವವಿದ್ಯಾಲಯದ ನಿಯಮದಲ್ಲಿ ಪಾಸಾಗೋಕೆ ಒಟ್ಟು 40 ಬೇಕು. 39 ಬಂತು, ಎಫ್ ಬಿತ್ತು. ಆಮೇಲೆ ಕಾಲೇಜು ಅನುಮೋದನೆ ಕೊಟ್ಟಿತು, 32 ಬಂದು ಕೂತಿತು, ಒಟ್ಟು 71 ಆಯ್ತು. ಗ್ರೇಡನ್ನು ಮಾತ್ರ ಯಾರೂ ಮತ್ತೆ ಲೆಕ್ಕ ಹಾಕಿಸಲಿಲ್ಲ. ಹಳೇ ಗ್ರೇಡ್, ಹೊಸ ಅಂಕ, ಎರಡನ್ನೂ ಒಂದೇ ಕಾಗದದ ಮೇಲೆ ಅಚ್ಚು ಹೊಡೆದು ಕೈಗೆ ಕೊಟ್ಟರು.

ಇದನ್ನ ನಾನು ಊಹಿಸಿ ಬರೀತಿಲ್ಲ. ಫಲಿತಾಂಶ ಬಂದ ದಿನ ಅವಳು ಮೊಬೈಲಿನಲ್ಲಿ ತೆಗೆದ ಸ್ಕ್ರೀನ್‌ಶಾಟ್ ಇದೆ. ಅದರಲ್ಲಿ ಆಂತರಿಕ ಅಂಕದ ಜಾಗ ಖಾಲಿ, ಒಟ್ಟು 39. ಆ ಸ್ಕ್ರೀನ್‌ಶಾಟ್ ಮತ್ತು ಅಚ್ಚಾದ ಅಂಕಪಟ್ಟಿ, ಎರಡನ್ನೂ ಪಕ್ಕಪಕ್ಕ ಇಟ್ಟರೆ ತಪ್ಪಿನ ಹುಟ್ಟು ಕಣ್ಣಿಗೆ ಕಾಣುತ್ತೆ. ಹಾಗಾಗಿ ಹುಡುಗರೇ, ಫಲಿತಾಂಶ ಬಂದ ದಿನ ಖುಷಿಯಾಗ್ಲಿ ದುಃಖ ಆಗ್ಲಿ, ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ. ಒಂದು ವಾರ ಬಿಟ್ಟು ನೋಡಿದರೆ ಅದೇ ಪುಟದಲ್ಲಿ ಬೇರೆ ಅಂಕಿ ಇರಬಹುದು.

ಈಗ "ರೀವ್ಯಾಲ್ಯುಯೇಷನ್‌ಗೆ ಹಾಕು" ಅನ್ನೋ ಮಾತಿಗೆ ಬರೋಣ. ಮರುಮೌಲ್ಯಮಾಪನ ಅಂದ್ರೆ ಉತ್ತರ ಪತ್ರಿಕೆಯನ್ನ ಇನ್ನೊಬ್ಬರು ಓದಿ ಅಂಕ ಹಾಕೋದು. ಅವಳ 39ರ ಬಗ್ಗೆ ಅವಳಿಗೆ ತಕರಾರೇ ಇಲ್ಲ. ತಕರಾರು ಇರೋದು 71ರ ಮುಂದೆ ಎಫ್ ಅಂತ ಅಚ್ಚಾದ ಒಂದು ಅಕ್ಷರದ ಬಗ್ಗೆ. ಉತ್ತರ ಪತ್ರಿಕೆಯನ್ನ ಹತ್ತು ಜನ ಓದಿದ್ರೂ ಆ ಅಕ್ಷರ ಬದಲಾಗಲ್ಲ. ಫೀಸ್ ಕಟ್ಟಿ, ತಿಂಗಳುಗಟ್ಟಲೆ ಕಾದು, ಕೊನೆಗೆ "ಅಂಕದಲ್ಲಿ ಬದಲಾವಣೆ ಇಲ್ಲ" ಅಂತ ಬರುತ್ತೆ. ಆಮೇಲೆ ಅದೇ ಕಾಗದ ಹಿಡ್ಕೊಂಡು "ನೋಡಮ್ಮಾ, ಮರುಮೌಲ್ಯಮಾಪನದಲ್ಲೂ ಬದಲಾವಣೆ ಇಲ್ಲ" ಅಂತ ಕಿಟಕಿ ಮುಚ್ಚುತ್ತಾರೆ. ಅವರ ತಪ್ಪು ಅವರೇ ತಿದ್ದೋಕೆ ಅವಳ ಅಪ್ಪನ ಕೂಲಿ ದುಡ್ಡು ಯಾಕೆ ಕಟ್ಟಬೇಕು? ಇದು ಮೌಲ್ಯಮಾಪನದ ಪ್ರಶ್ನೆ ಅಲ್ಲ, ಅಂಕಪಟ್ಟಿ ತಿದ್ದುಪಡಿಯ ಪ್ರಶ್ನೆ. ಬಾಗಿಲು ಬೇರೆ.

ಇನ್ನು "ಮತ್ತೆ ಬರೆದ್ಬಿಡು". ಈ ಮಾತನ್ನ ಮೇಲ್ಜಾತಿ ಮೇಷ್ಟ್ರ ಮಗನಿಗೆ ಯಾರೂ ಹೇಳಿದ್ದು ನಾನು ಕೇಳಿಲ್ಲ. ಅವನ ಅಪ್ಪ ಒಂದು ಫೋನ್ ಮಾಡ್ತಾನೆ, ಸಂಜೆಯೊಳಗೆ ಗ್ರೇಡ್ ಸರಿಯಾಗುತ್ತೆ. ನಮ್ಮ ಹುಡುಗಿಗೆ ಅದನ್ನ ಸಹಾಯದ ಹಾಗೆ ಹೇಳ್ತಾರೆ. ಅವಳು ಬರೆದಳು ಅಂತಿಟ್ಕೊಳ್ಳಿ, ಪಾಸೂ ಆದಳು. ಆಗ ಅವಳ ದಾಖಲೆಯಲ್ಲಿ ಏನಿರುತ್ತೆ? ಮೊದಲ ಸಲ ಫೇಲ್, ಎರಡನೇ ಸಲ ಪಾಸ್. ಆಗದೇ ಇದ್ದ ಫೇಲನ್ನ ಅವಳೇ ಅರ್ಜಿ ಹಾಕಿ, ಫೀಸ್ ಕಟ್ಟಿ, ಸಹಿ ಹಾಕಿ ಒಪ್ಪಿಕೊಂಡ ಹಾಗಾಯ್ತು.

ಅದರ ಬೆಲೆ ಗೊತ್ತಾ? ಸಮಾಜ ಕಲ್ಯಾಣ ಇಲಾಖೆಯ ಪ್ರೋತ್ಸಾಹಧನ ಇದೆಯಲ್ಲ, ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಕೊಡೋದು, ಅದಕ್ಕೆ ಷರತ್ತು ಎರಡು. ಪ್ರಥಮ ದರ್ಜೆ ಬರಬೇಕು, ಮೊದಲ ಪ್ರಯತ್ನದಲ್ಲೇ ಪಾಸಾಗಿರಬೇಕು. ಡಿಗ್ರಿಗೆ 25 ಸಾವಿರ ರೂಪಾಯಿ. ಅವಳು ಆರು ಸೆಮಿಸ್ಟರಿನಲ್ಲಿ ಒಂದು ಪತ್ರಿಕೆಯನ್ನೂ ಬಿಟ್ಟವಳಲ್ಲ. ಮತ್ತೆ ಬರೆದ ದಿನವೇ "ಮೊದಲ ಪ್ರಯತ್ನ" ಅನ್ನೋದು ಹೋಯ್ತು, 25 ಸಾವಿರ ಹೋಯ್ತು. ಆ ದುಡ್ಡಿನಲ್ಲಿ ಅವಳು ಎಂಎ ಸೇರೋ ಯೋಚನೆಯಲ್ಲಿದ್ದಳು. ಗುಮಾಸ್ತರಿಗೆ ಒಂದೇ ಸಬ್ಜೆಕ್ಟ್.

ಸರಾಸರಿಗೂ ಏಟು ಬಿದ್ದಿದೆ. ಲೆಕ್ಕ ಹಾಕೋದು ಕಷ್ಟವಿಲ್ಲ. ಅವಳ ಸೆಮಿಸ್ಟರಿನಲ್ಲಿ ಆರು ಪತ್ರಿಕೆ, ಒಂದೊಂದಕ್ಕೆ 4 ಕ್ರೆಡಿಟ್, ಒಟ್ಟು 24. ಉಳಿದ ಐದು ಪತ್ರಿಕೆಯಲ್ಲಿ ಗ್ರೇಡ್ ಪಾಯಿಂಟ್ 8, 7, 8, 7, 8. ಕೂಡಿದರೆ 38, ನಾಲ್ಕರಿಂದ ಗುಣಿಸಿದರೆ 152. ಇತಿಹಾಸಕ್ಕೆ 0 ಅಂದ್ರೆ 152ನ್ನು 24ರಿಂದ ಭಾಗಿಸಬೇಕು, 6.33. ಅಚ್ಚಾಗಿರೋದು ಅದೇ. ಸರಿಯಾದ 8 ಹಾಕಿದರೆ 184ನ್ನು 24ರಿಂದ ಭಾಗಿಸಬೇಕು, 7.67. ಒಂದು ಅಕ್ಷರದಿಂದ ಇಷ್ಟು ವ್ಯತ್ಯಾಸ. ಈ ಲೆಕ್ಕವನ್ನ ದೂರಿನಲ್ಲಿ ಬರೆಯಬೇಕು. ಬರೀ ಗ್ರೇಡ್ ತಿದ್ದಿ ಸರಾಸರಿಯನ್ನ ಹಾಗೇ ಬಿಟ್ಟರೆ ಮತ್ತೆ ಅಲೆದಾಟ ಶುರು.

ಈಗ ಅವಳು ಬರೆದಿದ್ದ ಪತ್ರಕ್ಕೆ ಬರ್ತೀನಿ. ನನಗೆ ಸಿಟ್ಟು ಬಂದಿದ್ದು ಅದನ್ನ ಓದಿದಾಗ. ಅವಳ ಮೇಲಲ್ಲ, ಅವಳಿಗೆ ಹಾಗೆ ಬರೆಯೋದನ್ನ ಕಲಿಸಿದ ಶಾಲೆ, ಕಾಲೇಜು, ಕಚೇರಿಗಳ ಮೇಲೆ. ಅವಳ ಒಪ್ಪಿಗೆ ತಗೊಂಡು ಕೆಲವು ಸಾಲು ಹಾಕ್ತಿದ್ದೀನಿ.

"ಮಾನ್ಯರೇ, ನಾನು ಪರಿಶಿಷ್ಟ ಜಾತಿಗೆ ಸೇರಿದ ಕಡುಬಡವಿಯಾಗಿದ್ದು, ನನ್ನ ತಂದೆ ತಾಯಿ ಕೂಲಿ ಮಾಡಿ ನನ್ನನ್ನು ಓದಿಸಿರುತ್ತಾರೆ. ಇತಿಹಾಸ ವಿಷಯದಲ್ಲಿ ನನಗೆ ಎಫ್ ಬಂದಿದ್ದು ಬಹಳ ನೋವಾಗಿದೆ. ನನ್ನ ಭವಿಷ್ಯ ತಮ್ಮ ಕೈಯಲ್ಲಿದೆ. ದಯಮಾಡಿ ನನ್ನನ್ನು ಪಾಸು ಮಾಡಿಕೊಡಬೇಕೆಂದು ತಮ್ಮಲ್ಲಿ ಬೇಡಿಕೊಳ್ಳುತ್ತೇನೆ. ತಪ್ಪಿದ್ದಲ್ಲಿ ಕ್ಷಮಿಸಿ."

ತಪ್ಪು ಮಾಡಿದವರು ಯಾರು, ಕ್ಷಮೆ ಕೇಳ್ತಿರೋರು ಯಾರು ನೋಡಿ.

ಸ್ವಾಭಿಮಾನದ ಮಾತು ಪಕ್ಕಕ್ಕಿಡೋಣ. ಕಚೇರಿಯ ಕಣ್ಣಿನಿಂದ ನೋಡಿದರೂ ಈ ಪತ್ರ ಕೆಲಸ ಮಾಡಲ್ಲ. ಇದರಲ್ಲಿ ನೋಂದಣಿ ಸಂಖ್ಯೆ ಇಲ್ಲ, ಪತ್ರಿಕೆಯ ಕೋಡ್ ಇಲ್ಲ, ಅಂಕಪಟ್ಟಿಯ ಕ್ರಮಸಂಖ್ಯೆ ಇಲ್ಲ. ಎಲ್ಲಕ್ಕಿಂತ ಮುಖ್ಯ, 71 ಅನ್ನೋ ಅಂಕಿಯೇ ಇಲ್ಲ. "ಪಾಸು ಮಾಡಿಕೊಡಿ" ಅಂದ ತಕ್ಷಣ ಓದಿದವರಿಗೆ ಇದು ಫೇಲಾದವಳು ಕೃಪಾಂಕ ಕೇಳಿ ಬರೆದ ಪತ್ರ. ಅಂಥ ಪತ್ರಗಳ ಕಟ್ಟಿಗೆ ಇದೂ ಸೇರುತ್ತೆ. ಅವಳು ಪಾಸಾಗಿದ್ದಾಳೆ ಕಣ್ರೀ. ಪಾಸು ಮಾಡಿಕೊಡಿ ಅಂತ ಕೇಳಿದ್ರೆ ತಾನು ಪಾಸಾಗಿಲ್ಲ ಅಂತ ತಾನೇ ಬರೆದುಕೊಟ್ಟ ಹಾಗೆ.

ಇನ್ನು ಜಾತಿ. ಮೊದಲ ಸಾಲಿನಲ್ಲೇ ಜಾತಿ, ಬಡತನ ಬರೆದರೆ ಕರುಣೆ ಬರುತ್ತೆ ಅಂತ ಯಾರು ಹೇಳಿಕೊಟ್ಟರೋ. ಆ ಕಿಟಕಿಯೊಳಗೆ ಕೂತವರಲ್ಲಿ ಕೆಲವರಿಗೆ ಆ ಸಾಲು ಓದಿದ ಕೂಡಲೇ "ಇವರದು ಯಾವಾಗ್ಲೂ ಇದೇ" ಅನ್ನೋ ಹಳೇ ಗಂಟು ಬಿಚ್ಚಿಕೊಳ್ಳುತ್ತೆ. ತಪ್ಪು ಅಂಕಪಟ್ಟಿಯ ಒಂದು ಕಾಲಂನಲ್ಲಿದೆ, ನಿನ್ನ ಹುಟ್ಟಿನಲ್ಲಿಲ್ಲ ತಂಗಿ, ಅಂತ ಹೇಳಿದೆ. ಜಾತಿಯನ್ನ ಮುಚ್ಚಿಡು ಅಂತ ನಾನು ಹೇಳ್ತಿಲ್ಲ. ಅದು ಬರಬೇಕಾದ ಜಾಗ ಬೇರೆ: ನಷ್ಟದ ಲೆಕ್ಕ ಹೇಳುವ ಕಡೆ. ಈ ತಪ್ಪಿನಿಂದ ಪ್ರೋತ್ಸಾಹಧನ ಕೈತಪ್ಪುತ್ತೆ ಅನ್ನೋ ಸಾಲಿನಲ್ಲಿ ಅದು ಹಕ್ಕಾಗಿ ನಿಲ್ಲುತ್ತೆ. ಮೊದಲ ಸಾಲಿನಲ್ಲಿ ಅದು ಭಿಕ್ಷಾಪಾತ್ರೆ ಆಗುತ್ತೆ.

ಇಬ್ಬರೂ ಕೂತು ಬರೆದ ಹೊಸ ಪತ್ರ ಇದು. ಯಾರು ಬೇಕಾದರೂ ತಗೊಳ್ಳಿ, ಅಂಕಿ ಬದಲಾಯಿಸಿ ಬಳಸಿ.

ಇವರಿಗೆ: ಕುಲಸಚಿವರು (ಮೌಲ್ಯಮಾಪನ)
ಮೂಲಕ: ಪ್ರಾಂಶುಪಾಲರು
ವಿಷಯ: ಅಂಕಪಟ್ಟಿಯಲ್ಲಿ ತಪ್ಪಾಗಿ ಮುದ್ರಿತವಾದ ಗ್ರೇಡ್ ಹಾಗೂ ಫಲಿತಾಂಶದ ತಿದ್ದುಪಡಿ ಕುರಿತು. (ಇದು ಮರುಮೌಲ್ಯಮಾಪನದ ಅರ್ಜಿಯಲ್ಲ.)

ನನ್ನ ಬಿಎ ಆರನೇ ಸೆಮಿಸ್ಟರಿನ ಅಂಕಪಟ್ಟಿಯಲ್ಲಿ (ನೋಂದಣಿ ಸಂಖ್ಯೆ, ಅಂಕಪಟ್ಟಿ ಕ್ರಮಸಂಖ್ಯೆ, ದಿನಾಂಕ) ಇತಿಹಾಸ ಪತ್ರಿಕೆಗೆ (ಕೋಡ್) ಪರೀಕ್ಷಾ ಅಂಕ 39, ಆಂತರಿಕ ಅಂಕ 32, ಒಟ್ಟು 71 ಎಂದು ಮುದ್ರಿತವಾಗಿದೆ. ಇದೇ ಅಂಕಪಟ್ಟಿಯ ಹಿಂಬದಿಯ ಕೋಷ್ಟಕದಂತೆ 71 ಅಂಕಕ್ಕೆ ಎ ಗ್ರೇಡ್, 8 ಗ್ರೇಡ್ ಪಾಯಿಂಟ್ ಬರಬೇಕು. ಆದರೆ ಎಫ್, 0 ಎಂದು ಮುದ್ರಿಸಲಾಗಿದೆ.

ಫಲಿತಾಂಶ ಪ್ರಕಟವಾದ ದಿನ ಆಂತರಿಕ ಅಂಕ ಖಾಲಿ ಇತ್ತು. ನಂತರ ಅಂಕ ಸೇರಿಸಿದಾಗ ಗ್ರೇಡನ್ನು ಮರು ಲೆಕ್ಕ ಮಾಡಿಲ್ಲವೆಂದು ಕಾಣುತ್ತದೆ. ಆ ದಿನದ ಪುಟದ ಪ್ರತಿ ಲಗತ್ತಿಸಿದೆ.

ಆದ್ದರಿಂದ (1) ಗ್ರೇಡನ್ನು ಎ ಎಂದು, ಪಾಯಿಂಟನ್ನು 8 ಎಂದು ತಿದ್ದಬೇಕು. (2) ಸೆಮಿಸ್ಟರ್ ಸರಾಸರಿಯನ್ನು 6.33ರ ಬದಲು 7.67 ಎಂದು ತಿದ್ದಿ ಒಟ್ಟಾರೆ ಸರಾಸರಿಯನ್ನೂ ಸರಿಪಡಿಸಬೇಕು. (3) ಫಲಿತಾಂಶವನ್ನು ಮೊದಲ ಪ್ರಯತ್ನದಲ್ಲಿ ಉತ್ತೀರ್ಣ ಎಂದು ದಾಖಲಿಸಿ, ಶುಲ್ಕವಿಲ್ಲದೆ ಹೊಸ ಅಂಕಪಟ್ಟಿ ನೀಡಬೇಕು.

ಪರಿಶಿಷ್ಟ ಜಾತಿಯ ವಿದ್ಯಾರ್ಥಿನಿಯಾಗಿ ನನಗೆ ಸಿಗಬೇಕಾದ ಪ್ರೋತ್ಸಾಹಧನ ಮತ್ತು ನನ್ನ ಸ್ನಾತಕೋತ್ತರ ಪ್ರವೇಶ ಈ ತಿದ್ದುಪಡಿಯನ್ನೇ ಅವಲಂಬಿಸಿವೆ. ತಿದ್ದುಪಡಿ ಸಾಧ್ಯವಿಲ್ಲವೆಂದಾದರೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕು.

ಅಷ್ಟೇ. ಒಂದೇ ಪುಟ. ಬೇಡಿಕೊಳ್ಳುತ್ತೇನೆ ಇಲ್ಲ, ಬೈಗುಳವೂ ಇಲ್ಲ. ವಿಷಯದ ಸಾಲಿನಲ್ಲಿ "ಮರುಮೌಲ್ಯಮಾಪನದ ಅರ್ಜಿಯಲ್ಲ" ಅಂತ ಬರೆದಿದ್ದು ಬೇಕಂತಲೇ. ಕೊನೆಯ ಸಾಲೂ ಬೇಕಂತಲೇ. ಬಾಯಲ್ಲಿ "ಆಗಲ್ಲ ಹೋಗು" ಅನ್ನೋದು ಸುಲಭ, 71ಕ್ಕೆ ಎಫ್ ಸರಿ ಅಂತ ಸಹಿ ಹಾಕಿ ಬರೆದುಕೊಡೋಕೆ ಯಾವ ಅಧಿಕಾರಿಗೂ ಕೈ ಬರಲ್ಲ.

ಇದರ ಜೊತೆ ಅಂಕಪಟ್ಟಿಯ ಎರಡೂ ಬದಿಯ ಜೆರಾಕ್ಸ್ ಇರಲಿ. ಹಿಂಬದಿ ಮರೆತರೆ ಅರ್ಧ ಸಾಕ್ಷಿ ಹೋಯ್ತು. ಕಾಲೇಜಿನ ಆಂತರಿಕ ಅಂಕಗಳ ಪಟ್ಟಿಯ ಪ್ರತಿಗೆ ಪ್ರಾಂಶುಪಾಲರ ಸಹಿ, ಸೀಲು ಹಾಕಿಸಿ ಇಡಿ. ಮೂಲ ಅಂಕಪಟ್ಟಿಯನ್ನ ಅವರು ಕೇಳೋವರೆಗೂ ಕೊಡಬೇಡಿ, ಕೊಡೋವಾಗ "ಮೂಲ ಪ್ರತಿ ಸ್ವೀಕರಿಸಿದೆ" ಅಂತ ಬರೆಸಿಕೊಳ್ಳದೆ ಕೈ ಬಿಡಬೇಡಿ. ಪ್ರಾಂಶುಪಾಲರ ಮೂಲಕ ಹೋಗೋ ಪ್ರತಿ ಕಾಲೇಜಿನ ಮೇಜಿನ ಮೇಲೇ ಮಲಗಬಹುದು, ಯಾಕಂದ್ರೆ ತಡ ಮಾಡಿದ್ದು ಆ ಮೇಜೇ. ಹಾಗಾಗಿ ಮುಂಗಡ ಪ್ರತಿ ಅಂತ ಬರೆದು ಇನ್ನೊಂದನ್ನ ನೇರವಾಗಿ ವಿಶ್ವವಿದ್ಯಾಲಯದ ಟಪಾಲು ಶಾಖೆಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ಹಾಕಲ್ಲ ಅಂದ್ರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಕೊಳ್ಳಿ. ಕಿಟಕಿಯಲ್ಲಿ ಕೈಗೆ ಕೊಟ್ಟು ಬಂದ ಪತ್ರ ಕೊಟ್ಟ ಪತ್ರವಲ್ಲ. ಅವಳು ಮೊದಲ ಪತ್ರವನ್ನ ಹಾಗೇ ಕೊಟ್ಟಿದ್ದಳು, ಇವತ್ತು ಅದು ಬಂದೇ ಇಲ್ಲ ಅಂತಾರೆ.

ಉತ್ತರ ಬರದಿದ್ದರೆ? ಯುಜಿಸಿಯ 2023ರ ವಿದ್ಯಾರ್ಥಿ ಕುಂದುಕೊರತೆ ನಿಯಮಗಳ ಪ್ರಕಾರ ಪ್ರತಿ ಸಂಸ್ಥೆಯಲ್ಲೂ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು. ಅದರಲ್ಲಿ ಒಬ್ಬರಾದರೂ ಮಹಿಳೆ, ಒಬ್ಬರಾದರೂ ಪರಿಶಿಷ್ಟ ಜಾತಿ, ಪಂಗಡ ಅಥವಾ ಹಿಂದುಳಿದ ವರ್ಗದವರು ಇರಬೇಕು. ದೂರು ಬಂದ ಮೇಲೆ 15 ಕೆಲಸದ ದಿನಗಳಲ್ಲಿ ವರದಿ ಕೊಡೋಕೆ ಅದು ಪ್ರಯತ್ನಿಸಬೇಕು. ತೀರ್ಮಾನ ಒಪ್ಪಿಗೆ ಆಗದಿದ್ದರೆ 15 ದಿನದೊಳಗೆ ಒಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ. ಇಲ್ಲೊಂದು ಸೂಕ್ಷ್ಮ ಇದೆ. ಮರುಮೌಲ್ಯಮಾಪನ ಕೇಳುವ ಅರ್ಜಿಗಳನ್ನ ಒಂಬುಡ್ಸ್‌ಪರ್ಸನ್ ಸುಮ್ಮನೆ ತಗೊಳ್ಳೋದಿಲ್ಲ. ಫಲಿತಾಂಶವನ್ನೇ ಬದಲಿಸುವಂಥ ನಿರ್ದಿಷ್ಟ ಅಕ್ರಮವನ್ನೋ ತಾರತಮ್ಯವನ್ನೋ ತೋರಿಸಬೇಕು. ಆ ಒಂದು ಸಾಲನ್ನ ವಿಷಯದಲ್ಲೇ ಬರೆದಿದ್ದು ಇದಕ್ಕೂ ಸೇರಿ.

ಇದರ ಜೊತೆಗೇ ಆರ್‌ಟಿಐ ಹಾಕಿ. ನಮ್ಮ ರಾಜ್ಯದಲ್ಲಿ 10 ರೂಪಾಯಿಯ ಪೋಸ್ಟಲ್ ಆರ್ಡರ್, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಬೇಡ, ಕಾರ್ಡಿನ ಪ್ರತಿ ಸಾಕು. ಅರ್ಜಿ 150 ಪದ ದಾಟಬಾರದು, ಒಂದೇ ವಿಷಯ ಇರಬೇಕು. ಇಲ್ಲದಿದ್ದರೆ ಅದೇ ನೆಪ ಮಾಡಿ ವಾಪಸ್ ಕಳಿಸ್ತಾರೆ. "ಯಾಕೆ ತಪ್ಪು ಮಾಡಿದಿರಿ" ಅಂತ ಕೇಳಬೇಡಿ, ಆರ್‌ಟಿಐ ಇರೋದು ದಾಖಲೆಗೆ, ವಿವರಣೆಗಲ್ಲ. ನನ್ನ ಇಂಥ ದಿನಾಂಕದ ಅರ್ಜಿ ಯಾವ ದಿನ ಯಾವ ಅಧಿಕಾರಿಯ ಮೇಜಿನಲ್ಲಿತ್ತು, ಕಡತದ ಟಿಪ್ಪಣಿ ಹಾಳೆಯ ಪ್ರತಿ ಕೊಡಿ ಅಂತ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಹೆಸರು ಹೊರಗೆ ಬರುತ್ತೆ ಅಂದ ಕೂಡಲೇ ಕೆಲವು ಫೈಲುಗಳಿಗೆ ಕಾಲು ಬರುತ್ತೆ. ಇನ್ನು ಅಂಕದ ಮೇಲೇ ಅನುಮಾನ ಇದ್ದವರು ಉತ್ತರ ಪತ್ರಿಕೆಯ ಪ್ರತಿಯನ್ನೂ ಆರ್‌ಟಿಐನಲ್ಲಿ ಕೇಳಬಹುದು, ಸುಪ್ರೀಂ ಕೋರ್ಟ್ 2011ರಲ್ಲೇ ಸಿಬಿಎಸ್‌ಇ ಪ್ರಕರಣದಲ್ಲಿ ಆ ಹಕ್ಕನ್ನ ಎತ್ತಿಹಿಡಿದಿದೆ.

"ಕನ್ಸ್ಯೂಮರ್ ಕೋರ್ಟಿಗೆ ಹಾಕ್ಬಿಡಿ ಅಣ್ಣಾ" ಅಂತ ಕಾಮೆಂಟಿನಲ್ಲಿ ಬರೆಯೋರು ಇದ್ದೀರಿ, ಗೊತ್ತು. ಅಲ್ಲಿ ನಡೆಯಲ್ಲ. ಪರೀಕ್ಷೆ ನಡೆಸೋದು ಗ್ರಾಹಕ ಸೇವೆ ಅಲ್ಲ ಅಂತ ಸುಪ್ರೀಂ ಕೋರ್ಟ್ 2009ರಲ್ಲಿ ಬಿಹಾರದ ಪರೀಕ್ಷಾ ಮಂಡಳಿಯ ಪ್ರಕರಣದಲ್ಲಿ ಹೇಳಿಬಿಟ್ಟಿದೆ. ಕೊನೆಯ ದಾರಿ ಹೈಕೋರ್ಟಿನ ರಿಟ್ ಅರ್ಜಿ. ಖರ್ಚಿಗೆ ಹೆದರಬೇಡಿ, ಪರಿಶಿಷ್ಟ ಜಾತಿ, ಪಂಗಡದವರಿಗೂ ಹೆಣ್ಣುಮಕ್ಕಳಿಗೂ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗ್ತಾರೆ.

ಈಗ ನನ್ನ ನಿದ್ದೆ ಕೆಡಿಸಿದ ವಿಷಯ. ಅನುಮೋದನೆ ತಡವಾಗಿದ್ದು ಅವಳೊಬ್ಬಳದ್ದಲ್ಲ, ಆ ಪತ್ರಿಕೆಯ ಇಡೀ ತರಗತಿಯದ್ದು. ಅವಳ ಸಹಪಾಠಿಗಳ ಅಂಕಪಟ್ಟಿಗಳನ್ನ ತರಿಸಿ ನೋಡಿದೆವು. ಪರೀಕ್ಷೆಯಲ್ಲಿ 40ಕ್ಕಿಂತ ಕಡಿಮೆ ಬಂದ ಒಂಬತ್ತು ಜನಕ್ಕೂ ಎಫ್ ಬಿದ್ದಿದೆ. ಅವರಲ್ಲಿ ನಾಲ್ವರು "ಮತ್ತೆ ಬರೆದ್ಬಿಡು" ಅನ್ನೋ ಮಾತು ಕೇಳಿ ಆಗಲೇ ಫೀಸ್ ಕಟ್ಟಿದ್ದಾರೆ. 40 ದಾಟಿದವರ ಕಥೆ ಇನ್ನೂ ಮೋಸ. ಒಬ್ಬ ಹುಡುಗನಿಗೆ 60ಕ್ಕೆ 48, ಆಂತರಿಕ 35, ಒಟ್ಟು 83. ಕೋಷ್ಟಕದಂತೆ ಎ ಪ್ಲಸ್, 9 ಪಾಯಿಂಟ್ ಬರಬೇಕು. ಅಚ್ಚಾಗಿರೋದು ಬರೀ 48ರ ಲೆಕ್ಕದ ಸಿ, 5 ಪಾಯಿಂಟ್. ಪಾಸ್ ಅಂತ ಇದೆಯಲ್ಲ, ಅವನು ನೋಡೇ ಇಲ್ಲ, ಅಂಕಪಟ್ಟಿ ಮಡಚಿ ಟ್ರಂಕಿನಲ್ಲಿಟ್ಟಿದ್ದ. ಎಫ್ ಬಿದ್ದವರಾದರೂ ಕಿಟಕಿವರೆಗೆ ಹೋದರು. ಕದ್ದ ಗ್ರೇಡ್ ಇಟ್ಟುಕೊಂಡು ಪಾಸಾದೆ ಅಂತ ಸಂತೋಷಪಟ್ಟವರಿಗೆ ಕಳೆದುಕೊಂಡಿದ್ದು ಏನು ಅಂತಲೇ ಗೊತ್ತಿಲ್ಲ.

ಹೀಗಾಗಿ ಎರಡನೇ ಪತ್ರ ಹೋಗ್ತಿದೆ, ಇಡೀ ತರಗತಿಯ ಸಹಿಯೊಂದಿಗೆ. ಆ ಪತ್ರಿಕೆಯ ಎಲ್ಲರ ಗ್ರೇಡನ್ನೂ ಮರು ಲೆಕ್ಕ ಮಾಡಬೇಕು. ಫೀಸ್ ಕಟ್ಟಿದ ನಾಲ್ವರ ಪರೀಕ್ಷಾ ಅರ್ಜಿಯನ್ನ ರದ್ದು ಮಾಡಿ ದುಡ್ಡು ವಾಪಸ್ ಕೊಡಬೇಕು. ಪೂರಕ ಪರೀಕ್ಷೆ ಬರೋದರೊಳಗೆ ಇದು ಆಗಬೇಕು, ಯಾಕಂದ್ರೆ ಅವರು ಒಳಗೆ ಹೋಗಿ ಕೂತರೆ ಆಮೇಲೆ ಮೊದಲ ಪ್ರಯತ್ನ ಅಂತ ವಾದ ಮಾಡೋದು ಕಷ್ಟ.

ನಿಮ್ಮದೂ ಇದೇ ಥರ ಇರಬಹುದು. ಅಂಕಪಟ್ಟಿ ತೆಗೆದು ಪ್ರತಿ ಸಾಲಿನ ಒಟ್ಟು ಅಂಕವನ್ನ ಹಿಂಬದಿಯ ಕೋಷ್ಟಕದ ಜೊತೆ ಹೋಲಿಸಿ ನೋಡಿ, ಪಾಸ್ ಅಂತ ಇರೋ ಸಾಲುಗಳನ್ನೂ ಬಿಡಬೇಡಿ. ವ್ಯತ್ಯಾಸ ಕಂಡರೆ ಎರಡೂ ಬದಿಯ ಫೋಟೋ ನನಗೆ ಇನ್‌ಬಾಕ್ಸ್ ಮಾಡಿ, ಹೆಸರು ಮತ್ತು ನೋಂದಣಿ ಸಂಖ್ಯೆ ಮುಚ್ಚಿ. ಕಾಮೆಂಟಿನಲ್ಲಿ ಹಾಕಬೇಡಿ.